ಫಾಲ್ಟ್ ಕಳೆದರೂ ಸಿವಿಟಿ ವೋಲ್ಟೇಜ್ ನೆಟ್ಟಗಾಗದಿದ್ದರೆ: ಜೋನ್-1 ತಪ್ಪು ಟ್ರಿಪ್‌ನಿಂದ ಡ್ಯಾಂಪರ್ ಪರೀಕ್ಷೆಯವರೆಗೆ

ದೂರು ಸಾಮಾನ್ಯವಾಗಿ ಎರಡು ರೂಪದಲ್ಲಿ ಬರುತ್ತದೆ. ಒಂದು, ಫಾಲ್ಟ್ ಆಚೆ ತುದಿಯ ಬಸ್‌ನಲ್ಲೋ ಅದರಾಚೆಯ ಲೈನಿನಲ್ಲೋ ಆಗಿದ್ದರೂ ಈ ತುದಿಯ ಡಿಸ್ಟೆನ್ಸ್ ರಿಲೇ ಜೋನ್-1ರಲ್ಲೇ ಟ್ರಿಪ್ ಕೊಟ್ಟಿದೆ. ಎರಡು, ಫಾಲ್ಟ್ ತೆರವಾಗಿ ವೋಲ್ಟೇಜ್ ಮರಳಿದ ಮೇಲೆ ಒಂದು ಫೇಸ್‌ನ ಸೆಕೆಂಡರಿ ವೋಲ್ಟೇಜ್ ತೂಗಾಡುತ್ತಲೇ ಇದೆ. ಮೀಟರ್ ಮುಳ್ಳು ನಿಲ್ಲುತ್ತಿಲ್ಲ, ಓವರ್‌ವೋಲ್ಟೇಜ್ ಅಲಾರಂ ಬಂದು ಹೋಗುತ್ತಿದೆ. ಎರಡಕ್ಕೂ ಬೆರಳು ತೋರುವುದು ಕೆಪಾಸಿಟರ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಕಡೆಗೆ. ಆದರೆ ಮೊದಲನೆಯದರಲ್ಲಿ ಸಿವಿಟಿ ಬಹಳ ಸಲ ಆರೋಗ್ಯವಾಗಿಯೇ ಇರುತ್ತದೆ, ಎರಡನೆಯದರಲ್ಲಿ ಅದರೊಳಗೆ ಏನೋ ಕೆಟ್ಟಿರುತ್ತದೆ. ಈ ವ್ಯತ್ಯಾಸವನ್ನು ಡಿಸ್ಟರ್ಬೆನ್ಸ್ ರೆಕಾರ್ಡ್ ನೋಡಿಯೇ ಹೇಳಬಹುದು. ಪೆಟ್ಟಿಗೆ ಬಿಚ್ಚುವ ಮುನ್ನ ಅಷ್ಟು ಮಾಡಿಕೊಂಡರೆ ಅನಾವಶ್ಯಕ ಶಟ್‌ಡೌನ್ ಉಳಿಯುತ್ತದೆ.

ಸಹಜವಾದ ಬಾಲ ಎಲ್ಲಿಂದ ಬರುತ್ತದೆ

220 ಕಿಲೋವೋಲ್ಟ್ ವ್ಯವಸ್ಥೆಯ ಒಂದು ಸಿವಿಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಫೇಸ್ ವೋಲ್ಟೇಜ್ 127 ಕಿಲೋವೋಲ್ಟ್, ಒಟ್ಟು ಕೆಪಾಸಿಟೆನ್ಸ್ 4400 ಪಿಕೋಫ್ಯಾರಡ್, ನಡುವಣ ಟ್ಯಾಪ್‌ನ ವೋಲ್ಟೇಜ್ 11.55 ಕಿಲೋವೋಲ್ಟ್, ಸೆಕೆಂಡರಿ 63.5 ವೋಲ್ಟ್. ವಿಭಜನೆ 11ಕ್ಕೆ 1 ಆದ್ದರಿಂದ ಮೇಲಿನ ಸಿ1 4840 ಪಿಕೋಫ್ಯಾರಡ್, ಕೆಳಗಿನ ಸಿ2 48,400 ಪಿಕೋಫ್ಯಾರಡ್. ಟ್ಯಾಪ್ ಕಡೆಯಿಂದ ನೋಡಿದರೆ ಇವೆರಡೂ ಸಮಾನಾಂತರವಾಗಿ ನಿಂತಂತೆ, ಒಟ್ಟು 53.2 ನ್ಯಾನೋಫ್ಯಾರಡ್. 50 ಹರ್ಟ್ಸ್‌ನಲ್ಲಿ ಇದರ ರಿಯಾಕ್ಟೆನ್ಸ್ ಸುಮಾರು 59.8 ಕಿಲೋಓಮ್. ಇದನ್ನು ರದ್ದು ಮಾಡಲು ಕಾಂಪೆನ್ಸೇಟಿಂಗ್ ರಿಯಾಕ್ಟರ್ ಮತ್ತು ಟ್ರಾನ್ಸ್‌ಫಾರ್ಮರಿನ ಲೀಕೇಜ್ ಸೇರಿ ಸುಮಾರು 190 ಹೆನ್ರಿ ಇರಬೇಕು. ಹೀಗೆ ಶ್ರುತಿ ಕೂಡಿಸಿರುವುದರಿಂದಲೇ ಸ್ಥಿರ ಸ್ಥಿತಿಯಲ್ಲಿ ಬರ್ಡನ್ ಎಷ್ಟಿದ್ದರೂ ಕೋನ ಹೆಚ್ಚು ಕದಲುವುದಿಲ್ಲ.

ಶ್ರುತಿ ಇರುವುದು 50 ಹರ್ಟ್ಸ್‌ಗೆ ಮಾತ್ರ. ಹತ್ತಿರದ ಫಾಲ್ಟ್‌ನಲ್ಲಿ ಪ್ರೈಮರಿ ವೋಲ್ಟೇಜ್ ದಿಢೀರನೆ ಕುಸಿದಾಗ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಬರ್ಡನ್ ಮೂಲಕವೇ ಖಾಲಿಯಾಗಬೇಕು; ಅಲ್ಲಿಯವರೆಗೆ ಸೆಕೆಂಡರಿಯಲ್ಲಿ ಉಳಿಯುವ ಸುಳ್ಳು ವೋಲ್ಟೇಜೇ ಬಾಲ. 100 ವಿಎ ರೆಸಿಸ್ಟಿವ್ ಬರ್ಡನ್ ಇದ್ದರೆ ಟ್ಯಾಪ್ ಮಟ್ಟದಲ್ಲಿ ಹರಿಯುವುದು 8.66 ಮಿಲಿಆಂಪ್, ಅದು 59.8 ಕಿಲೋಓಮ್‌ನಲ್ಲಿ 518 ವೋಲ್ಟ್ ನಿಲ್ಲಿಸುತ್ತದೆ, ಶಿಖರದಲ್ಲಿ 732 ವೋಲ್ಟ್. ಟ್ಯಾಪ್ ವೋಲ್ಟೇಜಿನ ಶಿಖರ 16,330 ವೋಲ್ಟ್. ಹಾಗಾಗಿ ಕೆಪಾಸಿಟರ್ ಹಿಡಿದಿಟ್ಟುಕೊಂಡದ್ದು ಸುಮಾರು 4.5 ಪ್ರತಿಶತ.

ಕೆಪಾಸಿಟರಿನ ವೋಲ್ಟೇಜ್ ಕರೆಂಟಿಗಿಂತ 90 ಡಿಗ್ರಿ ಹಿಂದಿರುತ್ತದೆ. ಆದ್ದರಿಂದ ಸಿಸ್ಟಮ್ ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲೇ ಕೆಪಾಸಿಟರ್ ತುಂಬಿರುತ್ತದೆ. ಆ ಕ್ಷಣದಲ್ಲಿ ಫಾಲ್ಟ್ ಆದರೆ ಬಾಲ ಉದ್ದ. ವೋಲ್ಟೇಜ್ ಶಿಖರದಲ್ಲಿ ಆದರೆ ಶಕ್ತಿ ಇರುವುದು ರಿಯಾಕ್ಟರಿನಲ್ಲಿ. ಟ್ಯಾಪ್ ಮಟ್ಟಕ್ಕೆ ತಂದ ಬರ್ಡನ್ 1.33 ಮೆಗಾಓಮ್ ಇರುವುದರಿಂದ 190 ಹೆನ್ರಿಯ ಕರೆಂಟು ಒಂದು ಮಿಲಿಸೆಕೆಂಡಿಗೂ ಮೊದಲೇ ಸತ್ತುಹೋಗುತ್ತದೆ. ಅದೇ 1.33 ಮೆಗಾಓಮ್‌ನಲ್ಲಿ 53.2 ನ್ಯಾನೋಫ್ಯಾರಡ್ ಖಾಲಿಯಾಗುವ ಕಾಲಸ್ಥಿರಾಂಕ 71 ಮಿಲಿಸೆಕೆಂಡ್. ನಿಜವಾದ ಸಿವಿಟಿಯಲ್ಲಿ ಮ್ಯಾಗ್ನೆಟೈಸಿಂಗ್ ಕರೆಂಟು ಮತ್ತು ಡ್ಯಾಂಪರ್ ಇರುವುದರಿಂದ ಬಾಲದ ಆಕಾರ ಬದಲಾಗುತ್ತದೆ. ಆದರೆ ಒಂದೇ ಸಿವಿಟಿ ಒಂದು ಫಾಲ್ಟ್‌ಗೆ ಶುದ್ಧ ತರಂಗ, ಇನ್ನೊಂದಕ್ಕೆ ಕೊಳಕು ತರಂಗ ಕೊಡುವುದೇಕೆ ಎಂಬುದಕ್ಕೆ ಇದೇ ಉತ್ತರ. ಎರಡು ರೆಕಾರ್ಡ್ ಹೋಲಿಸುವಾಗ ಫಾಲ್ಟ್ ಆರಂಭದ ಕೋನವನ್ನು ಮೊದಲು ಬರೆದಿಟ್ಟುಕೊಳ್ಳಿ. ಅದಿಲ್ಲದ ಹೋಲಿಕೆಗೆ ಅರ್ಥವಿಲ್ಲ.

ಇಷ್ಟಕ್ಕೇ ಜೋನ್-1 ಏಕೆ ಮೋಸಹೋಗುತ್ತದೆ

4.5 ಪ್ರತಿಶತ ಚಿಕ್ಕದೆನಿಸುತ್ತದೆ. ಹಿಂದಿನ ಸೋರ್ಸ್ ಇಂಪಿಡೆನ್ಸ್ ಲೈನಿನ ಇಂಪಿಡೆನ್ಸಿಗಿಂತ 10 ಪಟ್ಟು ಇರುವ ಚಿಕ್ಕ ಲೈನನ್ನು ನೋಡಿ. ಆಚೆ ಬಸ್‌ನಲ್ಲಿ ಫಾಲ್ಟ್ ಆದರೆ ರಿಲೇ ಬಳಿ ಉಳಿಯುವ ವೋಲ್ಟೇಜ್ ಹನ್ನೊಂದರಲ್ಲೊಂದು, ಅಂದರೆ 9.1 ಪ್ರತಿಶತ, ಸೆಕೆಂಡರಿಯಲ್ಲಿ 5.8 ವೋಲ್ಟ್. ಜೋನ್-1 ಲೈನಿನ 80 ಪ್ರತಿಶತಕ್ಕೆ ಸೆಟ್ ಆಗಿದ್ದರೆ, ಅದೇ ಕರೆಂಟಿನಲ್ಲಿ ವೋಲ್ಟೇಜ್ 7.3 ಪ್ರತಿಶತಕ್ಕಿಂತ ಕೆಳಗೆ ಕಂಡಕೂಡಲೇ ರಿಲೇ ಒಳಗಿನ ಫಾಲ್ಟ್ ಎಂದುಕೊಳ್ಳುತ್ತದೆ. ನಡುವಿನ ಅಂತರ 1.8 ಪ್ರತಿಶತ, ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಬಾಲದ ಪೂರ್ತಿ ಭಾಗ ರಿಲೇಯ ಫಿಲ್ಟರ್ ದಾಟಿ ಬರುವುದಿಲ್ಲವಾದರೂ ಈ ಅಂತರವನ್ನು ಮುರಿಯಲು ಅರ್ಧದಷ್ಟು ಸಾಕು. ಅರ್ಧ ಸೈಕಲ್ ಫಿಲ್ಟರ್ ಬಳಸುವ ವೇಗದ ರಿಲೇಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಸೋರ್ಸ್ ಮತ್ತು ಲೈನ್ ಇಂಪಿಡೆನ್ಸ್ ಸಮ ಇದ್ದಿದ್ದರೆ? ಆಚೆ ಬಸ್ ಫಾಲ್ಟ್‌ಗೆ 50 ಪ್ರತಿಶತ ಉಳಿಯುತ್ತದೆ, ಗಡಿ 40 ಪ್ರತಿಶತ, ಅಂತರ 10. ಬಾಲ ವೋಲ್ಟೇಜ್ ಕುಸಿತಕ್ಕೆ ಅನುಪಾತದಲ್ಲಿರುವುದರಿಂದ ಅದೂ ಅರ್ಧಕ್ಕಿಳಿದು 2.2 ಆಗುತ್ತದೆ. ಅಲ್ಲಿ ಸಿವಿಟಿಯ ಮೇಲೆ ಗೂಬೆ ಕೂರಿಸುವ ಮೊದಲು ಸೆಟ್ಟಿಂಗ್ ಮತ್ತು ಲೈನ್ ಇಂಪಿಡೆನ್ಸ್ ಅಂಕಿಗಳನ್ನು ಮತ್ತೆ ನೋಡಿ.

ಸೋರ್ಸ್-ಲೈನ್ ಇಂಪಿಡೆನ್ಸ್ ಅನುಪಾತ ಹೆಚ್ಚಿದ್ದು, ಟ್ರಿಪ್ ಮೊದಲ ಒಂದೂವರೆ ಸೈಕಲ್ಲಿನೊಳಗೆ ಬಂದಿದ್ದು, ಆಮೇಲೆ ಲೆಕ್ಕ ಹಾಕಿದ ಇಂಪಿಡೆನ್ಸ್ ಜೋನ್ ಹೊರಗೆ ಹೋಗಿ ನಿಂತಿದ್ದರೆ ಇದು ಸಿವಿಟಿಯ ಸಹಜ ಬಾಲದ ಕೆಲಸ. ಸಿವಿಟಿ ಬದಲಿಸಿದರೂ ಅದೇ ಜಾತಿಯದಾದರೆ ಫಲ ಒಂದೇ. ಪರಿಹಾರ ರಿಲೇ ಕಡೆಯದು: ರಿಲೇಯೊಳಗೆ ಸಿವಿಟಿ ಟ್ರಾನ್ಸಿಯೆಂಟ್ ತರ್ಕ ಇದ್ದರೆ ಅದನ್ನು ಆನ್ ಮಾಡುವುದು, ಇಲ್ಲದಿದ್ದರೆ ಜೋನ್-1ಕ್ಕೆ 20ರಿಂದ 30 ಮಿಲಿಸೆಕೆಂಡ್ ತಡ ಕೊಡುವುದು, ಅಥವಾ ರೀಚ್ ತಗ್ಗಿಸುವುದು. ಅನುಪಾತ ಬಹಳ ಹೆಚ್ಚಿರುವಲ್ಲಿ ರೀಚ್ ತಗ್ಗಿಸುವುದರಿಂದ ಹೆಚ್ಚು ಉಪಯೋಗವಿಲ್ಲ. ಮೇಲಿನ ಲೆಕ್ಕದಲ್ಲಿ 80ರಿಂದ 60 ಪ್ರತಿಶತಕ್ಕೆ ಇಳಿಸಿದರೂ ಅಂತರ 3.6ಕ್ಕಷ್ಟೇ ಏರುತ್ತದೆ, ಜೋನ್-1 ಮಾತ್ರ ಕಾಲುಭಾಗ ಕಳೆದುಕೊಳ್ಳುತ್ತದೆ. ನಮ್ಮ ಮಟ್ಟಿಗೆ ಚಿಕ್ಕ ತಡವೇ ವಾಸಿ.

ಡ್ಯಾಂಪರ್ ಎರಡು ಜಾತಿ

ಸಿವಿಟಿಯಲ್ಲಿ ಕೆಪಾಸಿಟರ್ ಇದೆ, ಕಬ್ಬಿಣದ ಕೋರ್ ಇದೆ. ವೋಲ್ಟೇಜ್ ಮರಳುವಾಗ ಅಥವಾ ಸೆಕೆಂಡರಿ ಶಾರ್ಟ್ ಬಿಟ್ಟಾಗ ಕೋರ್ ಸ್ಯಾಚುರೇಟ್ ಆದರೆ ಅದರ ಇಂಡಕ್ಟೆನ್ಸ್ ಕುಸಿದು ಕೆಪಾಸಿಟರಿನೊಡನೆ ಕಡಿಮೆ ಆವರ್ತನದಲ್ಲಿ ಜೊತೆಗೂಡುತ್ತದೆ. ಹೆಚ್ಚಾಗಿ ಕಾಣುವುದು ಮೂರನೇ ಒಂದು ಭಾಗ, ಅಂದರೆ 16.7 ಹರ್ಟ್ಸ್. ಇದನ್ನು ಕೊಲ್ಲಲು ಸೆಕೆಂಡರಿಗೆ ಅಡ್ಡಲಾಗಿ ಫೆರೋರೆಸೊನೆನ್ಸ್ ತಡೆಯುವ ಸರ್ಕ್ಯೂಟ್ ಕೂಡಿಸಿರುತ್ತಾರೆ, ಅದೇ ಡ್ಯಾಂಪರ್.

ಆಕ್ಟಿವ್ ಎಂದು ಕರೆಯುವ ಜಾತಿಯಲ್ಲಿ 50 ಹರ್ಟ್ಸ್‌ಗೆ ಶ್ರುತಿ ಮಾಡಿದ ಕೆಪಾಸಿಟರ್-ರಿಯಾಕ್ಟರ್ ಜೋಡಿ ಸಮಾನಾಂತರವಾಗಿದ್ದು, ಅದರ ಸರಣಿಯಲ್ಲಿ ರೆಸಿಸ್ಟರ್ ಇರುತ್ತದೆ. 50 ಹರ್ಟ್ಸ್‌ಗೆ ಜೋಡಿ ತೆರೆದ ಬಾಗಿಲಿನಂತೆ ವರ್ತಿಸದೆ ಗೋಡೆಯಂತೆ ನಿಲ್ಲುತ್ತದೆ. ಬೇರೆ ಆವರ್ತನ ಬಂದರೆ ದಾರಿ ಬಿಟ್ಟು ರೆಸಿಸ್ಟರಿಗೆ ಕಳಿಸುತ್ತದೆ. ಪ್ಯಾಸಿವ್ ಜಾತಿಯಲ್ಲಿ ಸ್ಯಾಚುರೇಟ್ ಆಗುವ ರಿಯಾಕ್ಟರ್ ಮತ್ತು ರೆಸಿಸ್ಟರ್ ಸರಣಿಯಲ್ಲಿದ್ದು, ವೋಲ್ಟೇಜ್ ರೇಟೆಡ್ ಮಟ್ಟ ಮೀರಿ ಏರಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಜೊತೆಗೆ ಚಿಕ್ಕ ಖಾಯಂ ರೆಸಿಸ್ಟರ್ ಇರಬಹುದು.

ಆಕ್ಟಿವ್ ಜಾತಿಗೆ ಒಂದು ಬೆಲೆ ಇದೆ. ಜೋಡಿಯಲ್ಲಿ 100 ಮೈಕ್ರೋಫ್ಯಾರಡ್ ಇದೆ ಎಂದುಕೊಳ್ಳಿ. 89.8 ವೋಲ್ಟ್ ಶಿಖರದಲ್ಲಿ ಅದು ಹಿಡಿದಿಡುವ ಶಕ್ತಿ 0.4 ಜೂಲ್. ಮೇಲೆ ಲೆಕ್ಕ ಹಾಕಿದ ವಿಭಾಜಕ ಕೆಪಾಸಿಟರಿನ 732 ವೋಲ್ಟಿಗೆ ಸಿಕ್ಕುವುದು 0.014 ಜೂಲ್ ಮಾತ್ರ. ಫಾಲ್ಟ್ ಯಾವ ಕೋನದಲ್ಲೇ ಆಗಲಿ, ಜೋಡಿಯ 0.4 ಜೂಲ್ ಎಲ್ಲೋ ಖರ್ಚಾಗಲೇಬೇಕು. ಎಲ್ಲವೂ ಟರ್ಮಿನಲ್ಲಿಗೆ ಬರುವುದಿಲ್ಲ, ಬಹುಪಾಲು ರೆಸಿಸ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ; ಆದರೂ ಆಕ್ಟಿವ್ ಡ್ಯಾಂಪರ್ ಇರುವ ಸಿವಿಟಿಯ ಬಾಲ ಉದ್ದವಾಗಿರಲು ಇದೇ ಕಾರಣ. ಚಿಕ್ಕ ಲೈನಿಗೆ ಹೊಸ ಸಿವಿಟಿ ತರಿಸುವಾಗ ಪ್ಯಾಸಿವ್ ಕೇಳುವುದು ಇದಕ್ಕಾಗಿ.

ರೆಕಾರ್ಡ್ ಓದುವ ಕ್ರಮ

ಮೊದಲು ಫಾಲ್ಟ್‌ಗೆ ಮುಂಚಿನ ಭಾಗ ನೋಡಿ. ಮೂರೂ ಫೇಸ್ ಸಮ ಇವೆಯೇ? ಸಿ1ರಲ್ಲಿ ಎಲಿಮೆಂಟ್ ಪಂಕ್ಚರ್ ಆಗಿದ್ದರೆ ಆ ಫೇಸ್‌ನ ಸೆಕೆಂಡರಿ ಏರಿರುತ್ತದೆ, ಸಿ2ರಲ್ಲಾದರೆ ಇಳಿದಿರುತ್ತದೆ. ಇದು ಫಾಲ್ಟ್ ಬರುವ ಮೊದಲೇ ಕಾಣುವ ದೋಷ. ಡ್ಯಾಂಪರಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇದನ್ನು ಕಂಡಮೇಲೆ ಆ ಸಿವಿಟಿಯನ್ನು ಚಾರ್ಜಿನಲ್ಲಿ ಇಡುವುದು ಸರಿಯಲ್ಲ.

ಎರಡನೆಯದಾಗಿ, ವೋಲ್ಟೇಜ್ ಬಹುತೇಕ ಸೊನ್ನೆಗೆ ಹೋದ ಹತ್ತಿರದ ಫಾಲ್ಟ್ ಒಂದನ್ನು ಆರಿಸಿ, ಕುಸಿದ ಕ್ಷಣದಿಂದ 20 ಮಿಲಿಸೆಕೆಂಡ್ ಬಿಟ್ಟು ಕರ್ಸರ್ ಇಡಿ. ಐಇಸಿ 61869-5ರ ಸಾಮಾನ್ಯ ಟ್ರಾನ್ಸಿಯೆಂಟ್ ಕ್ಲಾಸಿಗೆ ಅಲ್ಲಿ ಉಳಿದ ವೋಲ್ಟೇಜ್ ಮುಂಚಿನ ಶಿಖರದ 10 ಪ್ರತಿಶತ ಮೀರಬಾರದು. 63.5 ವೋಲ್ಟ್ ಸೆಕೆಂಡರಿಯಲ್ಲಿ ಅದು 9 ವೋಲ್ಟ್ ಶಿಖರ. ಬಸ್‌ನಲ್ಲಿ ನಿಜವಾಗಿ ವೋಲ್ಟೇಜ್ ಉಳಿದಿರುವ ದೂರದ ಫಾಲ್ಟ್‌ಗೆ ಈ ಅಳತೆ ಹಾಕಬೇಡಿ.

ಮೂರನೆಯದು ಮುಖ್ಯ: ಫಾಲ್ಟ್ ತೆರವಾದ ನಂತರದ ಭಾಗ. ಇಲ್ಲೇ ಬಹಳ ಕಡೆ ಕೈ ಖಾಲಿ, ಏಕೆಂದರೆ ರೆಕಾರ್ಡರಿನ ನಂತರದ ಅವಧಿ 200 ಮಿಲಿಸೆಕೆಂಡಿಗೆ ಸೆಟ್ ಆಗಿರುತ್ತದೆ. ಒಂದೂವರೆ ಸೆಕೆಂಡಿಗೆ ಏರಿಸಿ. ಫೆರೋರೆಸೊನೆನ್ಸ್ ಪರೀಕ್ಷೆಯಲ್ಲಿ ರೇಟೆಡ್ ವೋಲ್ಟೇಜಿನ 0.8, 1.0 ಮತ್ತು 1.2 ಪಟ್ಟಿನಲ್ಲಿ ಸೆಕೆಂಡರಿ ಶಾರ್ಟ್ ಮಾಡಿ ಬಿಟ್ಟಮೇಲೆ 0.5 ಸೆಕೆಂಡಿನೊಳಗೆ ತಪ್ಪು 10 ಪ್ರತಿಶತದ ಕೆಳಗೆ ಬರಬೇಕು. ಅರ್ಧ ಸೆಕೆಂಡ್ ಕಳೆದರೂ ತರಂಗ ನೆಟ್ಟಗಿಲ್ಲದಿದ್ದರೆ ಡ್ಯಾಂಪರ್ ತನ್ನ ಕೆಲಸ ಮಾಡುತ್ತಿಲ್ಲ ಎಂದರ್ಥ.

16.7 ಹರ್ಟ್ಸ್ ಹಿಡಿಯಲು ಲೆಕ್ಕಯಂತ್ರ ಬೇಡ. ಪರದೆಯ ಮೇಲೆ 60 ಮಿಲಿಸೆಕೆಂಡ್ ಅಗಲಕ್ಕೆ ಎರಡು ಕರ್ಸರ್ ಇಟ್ಟು ಸರಿಸುತ್ತ ಹೋಗಿ. ಒಂದು ಎತ್ತರದ ಶಿಖರ, ಎರಡು ಗಿಡ್ಡ, ಮತ್ತೆ ಎತ್ತರದ್ದು, ಹೀಗೆ ಮೂರು ಸೈಕಲ್ಲಿಗೊಮ್ಮೆ ನಕ್ಷೆ ಮರುಕಳಿಸಿದರೆ ಅದೇ. ಹಾರ್ಮೋನಿಕ್ ಪರದೆ ತೆರೆದರೆ ಒಂದು ಸೈಕಲ್ಲಿನ ಕಿಟಕಿಯಲ್ಲಿ ಇದು ಕಾಣುವುದೇ ಇಲ್ಲ, ಕಿಟಕಿ ಕನಿಷ್ಠ 120 ಮಿಲಿಸೆಕೆಂಡ್ ಇರಬೇಕು.

ಒಂದು ವೇಷಗಾರನಿದ್ದಾನೆ. ಲೈನ್ ಎರಡೂ ತುದಿಯಲ್ಲಿ ತೆರೆದು, ಆ ಲೈನಿಗೆ ಶಂಟ್ ರಿಯಾಕ್ಟರ್ ಕೂಡಿದ್ದರೆ, ಲೈನಿನ ಕೆಪಾಸಿಟೆನ್ಸ್ ಮತ್ತು ರಿಯಾಕ್ಟರ್ ಸೇರಿ ಸೆಕೆಂಡುಗಟ್ಟಲೆ ತೂಗುತ್ತವೆ. ಆವರ್ತನ ಕಾಂಪೆನ್ಸೇಷನ್ ಪ್ರಮಾಣದ ವರ್ಗಮೂಲವನ್ನು 50ರಿಂದ ಗುಣಿಸಿದಷ್ಟು. 60 ಪ್ರತಿಶತ ಇದ್ದರೆ 38.7 ಹರ್ಟ್ಸ್ ಆಸುಪಾಸು. ತರಂಗ ನುಣುಪಾದ ಸೈನ್, ನಿಧಾನ ಇಳಿಯುತ್ತದೆ. ಅದು ಪ್ರೈಮರಿಯಲ್ಲೇ ಇರುವ ನಿಜವಾದ ವೋಲ್ಟೇಜ್. ಸಿವಿಟಿ ಸತ್ಯವನ್ನೇ ಹೇಳುತ್ತಿದೆ. ಫೆರೋರೆಸೊನೆನ್ಸ್ ಒಂದೇ ಫೇಸ್‌ನಲ್ಲಿ, ಮುರುಟಿದ ಶಿಖರಗಳೊಡನೆ, ಪ್ರೈಮರಿ ಚಾರ್ಜಿನಲ್ಲಿರುವಾಗ ಬರುತ್ತದೆ.

ಬಿ ಫೇಸ್ ಮಾತ್ರ ತೂಗಿದರೆ

ಒಂದು ಸಂದರ್ಭವನ್ನು ಪೂರ್ತಿ ನಡೆಸಿ ನೋಡೋಣ. ಬಸ್ ಸಿವಿಟಿಗಳ ರೆಕಾರ್ಡ್. ಮುಂಚಿನ ವೋಲ್ಟೇಜ್ ಮೂರೂ ಫೇಸ್‌ನಲ್ಲಿ ಸಮ. 20 ಮಿಲಿಸೆಕೆಂಡಿನಲ್ಲಿ ಉಳಿಕೆ 6 ವೋಲ್ಟ್, ಮಿತಿಯೊಳಗೆ. ಫಾಲ್ಟ್ ತೆರವಾದ ಮೇಲೆ ಆರ್ ಮತ್ತು ವೈ ನೆಟ್ಟಗಾದವು, ಬಿ ಮಾತ್ರ 60 ಮಿಲಿಸೆಕೆಂಡಿನ ನಕ್ಷೆಯಲ್ಲಿ ರೆಕಾರ್ಡ್ ಮುಗಿಯುವವರೆಗೂ ತೂಗಿತು. ಡ್ಯಾಂಪರ್ ಆಕ್ಟಿವ್, 100 ಮೈಕ್ರೋಫ್ಯಾರಡ್, 0.101 ಹೆನ್ರಿ, 10 ಓಮ್.

ಯಾವ ಭಾಗ ಕೆಟ್ಟಿರಬಹುದು? ಕೆಪಾಸಿಟರ್ ಸೊರಗಿ 82 ಮೈಕ್ರೋಫ್ಯಾರಡ್ ಆಗಿದೆ ಎಂದುಕೊಂಡರೆ ಶ್ರುತಿ 55.2 ಹರ್ಟ್ಸ್‌ಗೆ ಏರುತ್ತದೆ, 50 ಹರ್ಟ್ಸ್‌ನಲ್ಲಿ 0.36 ಆಂಪ್ ಸೋರುತ್ತದೆ, ಕೋನದ ನಿಖರತೆ ಸ್ವಲ್ಪ ಕೆಡುತ್ತದೆ. ಆದರೆ 16.7 ಹರ್ಟ್ಸ್‌ಗೆ ಜೋಡಿಯ ರಿಯಾಕ್ಟರ್ ಕೇವಲ 10.6 ಓಮ್, ರೆಸಿಸ್ಟರಿನ ದಾರಿ ತೆರೆದೇ ಇದೆ. ಕೆಪಾಸಿಟರ್ ಪೂರ್ತಿ ತೆರೆದುಹೋದರೂ ಈ ದಾರಿ ಉಳಿಯುತ್ತದೆ. ಆಗ ರೆಸಿಸ್ಟರಿನಲ್ಲಿ ಸದಾ 1.9 ಆಂಪ್ ಹರಿದು 36 ವ್ಯಾಟ್ ಬಿಸಿ ಹುಟ್ಟುತ್ತದೆ, ಮುಟ್ಟದೆಯೂ ಥರ್ಮಲ್ ಕ್ಯಾಮೆರಾದಲ್ಲಿ ಪೆಟ್ಟಿಗೆ ಬೆಚ್ಚಗೆ ಕಾಣುತ್ತದೆ. ಕೆಪಾಸಿಟರ್ ಶಾರ್ಟ್ ಆದರೆ 63.5 ವೋಲ್ಟ್ ನೇರ 10 ಓಮ್ ಮೇಲೆ, 400 ವ್ಯಾಟ್. ರೆಸಿಸ್ಟರ್ ಸುಟ್ಟು ತೆರೆದುಕೊಳ್ಳುವವರೆಗೆ ಸೆಕೆಂಡರಿ ವೋಲ್ಟೇಜ್ ಕುಗ್ಗಿರುತ್ತದೆ.

ಆದ್ದರಿಂದ 16.7 ಹರ್ಟ್ಸ್ ತಡೆಯಿಲ್ಲದೆ ಮುಂದುವರಿದಿದೆ ಎಂದರೆ ಹುಡುಕಬೇಕಾದುದು ತೆರೆದ ದಾರಿ: ರೆಸಿಸ್ಟರ್, ರಿಯಾಕ್ಟರ್ ಅಥವಾ ಅವನ್ನು ಸೇರಿಸುವ ಲಿಂಕ್. ಡ್ಯಾಂಪರನ್ನು ಡಿಎ, ಡಿಎನ್ ಎಂದು ಗುರುತಿರುವ ಸುತ್ತಿಗೆ ಹೊರಗಿನಿಂದ ಕೂಡಿಸುವ ಮಾದರಿಗಳಲ್ಲಿ, ಹಿಂದಿನ ಪರೀಕ್ಷೆಗೆ ಬಿಚ್ಚಿದ ಲಿಂಕ್ ಹಾಕದೆ ಬಿಟ್ಟಿರುವುದೇ ಮೊದಲು ನೋಡಬೇಕಾದ ಜಾಗ. ಸ್ಥಿರ ಸ್ಥಿತಿಯಲ್ಲಿ ಇದರ ಸುಳಿವೇ ಸಿಗುವುದಿಲ್ಲ. ವೋಲ್ಟೇಜ್ ಸರಿ, ಬಿಸಿ ಇಲ್ಲ, ಅಲಾರಂ ಇಲ್ಲ.

ಶಟ್‌ಡೌನ್‌ನಲ್ಲಿ ಪರೀಕ್ಷೆ

ಸಿವಿಟಿಯ ಮೇಲ್ತುದಿ ಅರ್ಥ್ ಮಾಡಿ, ಸೆಕೆಂಡರಿ ಎಂಸಿಬಿ ತೆಗೆಯಿರಿ, ಫ್ಯೂಸ್ ಇದ್ದರೆ ಕಿತ್ತಿಡಿ. ಇದನ್ನು ಸಲೀಸಾಗಿ ತೆಗೆದುಕೊಳ್ಳಬೇಡಿ: ಸೆಕೆಂಡರಿಗೆ 10 ವೋಲ್ಟ್ ಕೊಟ್ಟರೆ ಒಳಗೆ ಟ್ರಾನ್ಸ್‌ಫಾರ್ಮರ್ ಅದನ್ನು 1800 ವೋಲ್ಟ್ ಮಾಡುತ್ತದೆ. ಡ್ಯಾಂಪರಿಗೆ ವೋಲ್ಟೇಜ್ ಕೊಡುವ ಯಾವ ಪರೀಕ್ಷೆಗೂ ಮೊದಲು ಅದನ್ನು ಸುತ್ತಿನಿಂದ ಬಿಡಿಸಿ. ಕ್ಯಾರಿಯರ್ ಟರ್ಮಿನಲ್ ಅರ್ಥ್ ಆಗಿಯೇ ಇರಲಿ. ಚಾರ್ಜಿನಲ್ಲಿ ಅದನ್ನು ತೆರೆದರೆ ಅಲ್ಲಿ ಪ್ರಾಣಾಂತಿಕ ವೋಲ್ಟೇಜ್ ನಿಲ್ಲುತ್ತದೆ.

ರೆಸಿಸ್ಟರನ್ನು ಓಮ್ ಮೀಟರಿನಲ್ಲಿ ಅಳೆಯಿರಿ, ಬಿ ಫೇಸ್‌ನ ಅಂಕಿಯನ್ನು ವೈ ಫೇಸ್‌ನೊಡನೆ ಹೋಲಿಸಿ. ಕೆಪಾಸಿಟರನ್ನು ಒಂದು ಕಾಲು ಬಿಡಿಸಿ ಎಲ್‌ಸಿಆರ್ ಮೀಟರಿನಲ್ಲಿ ನೋಡಿ. ಜೋಡಿಯ ಶ್ರುತಿ ಪರೀಕ್ಷಿಸಲು ಆವರ್ತನ ಬದಲಿಸಬಲ್ಲ ಮೂಲದಿಂದ ಒಂದು ಸರಣಿ ರೆಸಿಸ್ಟರ್ ಮೂಲಕ ಕೆಲವೇ ವೋಲ್ಟ್ ಕೊಟ್ಟು 45ರಿಂದ 55 ಹರ್ಟ್ಸ್‌ವರೆಗೆ ಸರಿಸಿ; ಜೋಡಿಯ ಮೇಲೆ ವೋಲ್ಟೇಜ್ ಗರಿಷ್ಠವಾಗುವ ಬಿಂದುವೇ ಶ್ರುತಿ. 52.7 ಹರ್ಟ್ಸ್ ಬಂದರೆ ಕೆಪಾಸಿಟರ್ ಒಂದು ಹತ್ತನೇ ಭಾಗ ಸೊರಗಿದೆ.

ಪ್ಯಾಸಿವ್ ಆದರೆ ರಿಯಾಕ್ಟರಿಗೆ ಹಂತಹಂತವಾಗಿ ರೇಟೆಡ್‌ನ ಒಂದೂವರೆ ಪಟ್ಟು, ಅಂದರೆ 95 ವೋಲ್ಟ್‌ವರೆಗೆ ಕೊಟ್ಟು ಕರೆಂಟಿನ ಗೆರೆ ಬಿಡಿಸಿ. ರೇಟೆಡ್‌ನಲ್ಲಿ ಕರೆಂಟು ತೀರಾ ಕಡಿಮೆ ಇದ್ದು, ಮೇಲೆ ಹೋಗುತ್ತ ಮೊಣಕಾಲು ತಿರುಗಬೇಕು. ಮೇಲಿನ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ರೆಸಿಸ್ಟರ್ ಅಲ್ಪಕಾಲಕ್ಕೆಂದೇ ಮಾಡಿದ್ದು. ಮೊಣಕಾಲು ಕೆಳಗೆ ಬಂದಿದ್ದರೆ ಸುತ್ತುಗಳ ನಡುವೆ ಶಾರ್ಟ್ ಸಂಶಯಿಸಿ. ಡ್ಯಾಂಪರ್ ಎಣ್ಣೆಯ ತೊಟ್ಟಿಯೊಳಗಿದ್ದರೆ ಇದಾವುದೂ ಕೈಗೆ ಸಿಗುವುದಿಲ್ಲ. ಆಗ ಒಟ್ಟು ಸೆಕೆಂಡರಿ ಇಂಪಿಡೆನ್ಸನ್ನು ಪಕ್ಕದ ಫೇಸ್‌ಗಳೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ತಯಾರಕರಿಗೆ ಬಿಡುವುದೇ ದಾರಿ. ಚಾರ್ಜಿನಲ್ಲಿ ಸೆಕೆಂಡರಿ ಶಾರ್ಟ್ ಮಾಡಿ ಬಿಡುವ ಪರೀಕ್ಷೆ ಲ್ಯಾಬಿನ ಕೆಲಸ, ಯಾರ್ಡಿನದಲ್ಲ.

ರೆಸಿಸ್ಟರ್ ಸುಟ್ಟದ್ದು ಸಿಕ್ಕರೆ ಹೊಸದನ್ನು ಹಾಕಿ ಮುಗಿಸಬೇಡಿ. ಅದನ್ನು ಸುಟ್ಟದ್ದು ಶಾರ್ಟಾದ ಕೆಪಾಸಿಟರೇ, ಅಥವಾ ದೀರ್ಘ ಕಾಲದ ಓವರ್‌ವೋಲ್ಟೇಜೇ ಎಂದು ನೋಡದಿದ್ದರೆ ಹೊಸದೂ ಹೋಗುತ್ತದೆ. ಬಿಡಿಭಾಗ ಹಾಕಿದ ಮೇಲೆ ಅನುಪಾತ ಮತ್ತು ಕೋನವನ್ನು ಮತ್ತೆ ಅಳೆಯಿರಿ. ಇನ್ನೊಂದು ಸಿವಿಟಿಯ ಕೆಳಗಿನ ತೊಟ್ಟಿಯನ್ನು ತಂದು ಈ ಕೆಪಾಸಿಟರ್ ಕೆಳಗೆ ಕೂರಿಸುವ ಆಲೋಚನೆ ಬಂದರೆ, ಎರಡರ ನಾಮಫಲಕದ ಸರಣಿ ಸಂಖ್ಯೆ ನೋಡಿ. ರಿಯಾಕ್ಟರಿನ ಟ್ಯಾಪ್ ತನ್ನದೇ ಕೆಪಾಸಿಟರಿಗೆ ಕಾರ್ಖಾನೆಯಲ್ಲಿ ಹೊಂದಿಸಿದ್ದು. ಬೇರೆ ಜೋಡಿ ಕೂಡಿಸಿದರೆ ನಿಖರತೆಯೂ ಬಾಲವೂ ಎರಡೂ ಕೆಡುತ್ತವೆ.